ವಾಲ್ವ್ ತಂತಿಯ ಲೆಕ್ಕ: ಮೀಟರಿಗೆ 118 ರೂಪಾಯಿ ಉಳಿಸುವ ಡಿಮಲ್ಟಿಪ್ಲೆಕ್ಸರ್

ಪಂಪ್ ಶೆಡ್‌ನಿಂದ 300 ಮೀಟರ್ ದೂರದಲ್ಲಿ 4 ಎಕರೆ ಕಬ್ಬು. ಹನಿ ನೀರಾವರಿಗೆ 8 ವಾಲ್ವ್. ಪ್ರತಿ ವಾಲ್ವ್‌ಗೂ ಶೆಡ್‌ನಿಂದಲೇ ಒಂದೊಂದು ತಂತಿ ಎಳೆದರೆ ತಂತಿಗೇ 85,470 ರೂಪಾಯಿ ಬೇಕು. ಹೊಲದ ನಡುವೆ ಒಂದು ಡಿಮಲ್ಟಿಪ್ಲೆಕ್ಸರ್ ಪೆಟ್ಟಿಗೆ ಇಟ್ಟರೆ ತಂತಿಗೆ 48,780, ಪೆಟ್ಟಿಗೆಗೆ 1,500, ಒಟ್ಟು 50,280 ರೂಪಾಯಿ. ಉಳಿಯುವುದು 35,190. ಆದರೆ ಇದೇ ಹೊಲ ಶೆಡ್‌ಗೆ ತಾಗಿಕೊಂಡೇ ಇದ್ದರೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಎಲ್ಲವೂ ದೂರದ ಮೇಲೆ ನಿಂತಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಈ ದೂರಕ್ಕೆ ವಿಶೇಷ ಬೆಲೆಯಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲೋ ದೂರದ ಬಾವಿಯಲ್ಲೋ ಪಂಪ್ ಇರುತ್ತದೆ. ಕಬ್ಬು ಪೈಪ್‌ಲೈನಿನ ಆಚೆ ತುದಿಯಲ್ಲಿರುತ್ತದೆ. ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ಅಷ್ಟು ದೂರ ನಡೆದು ವಾಲ್ವ್ ತಿರುಗಿಸುವ ಕೆಲಸವನ್ನೇ ಈ ತಂತಿಗಳು ಮಾಡಬೇಕಾಗಿರುವುದು.

ಒಂದು ಸಲಕ್ಕೆ ಒಂದೇ ವಾಲ್ವ್ ಏಕೆ

ಲೆಕ್ಕಕ್ಕೆ ಒಂದು ಹೊಲ ಹಿಡಿಯೋಣ. 4 ಎಕರೆಯನ್ನು 20 ಗುಂಟೆಯಂತೆ 8 ಭಾಗ ಮಾಡಿದೆ. ಡ್ರಿಪ್ ಪೈಪುಗಳ ನಡುವೆ 1.5 ಮೀಟರ್, ಹನಿ ರಂಧ್ರಗಳ ನಡುವೆ 40 ಸೆಂಟಿಮೀಟರ್ ಅಂತರ. ಪ್ರತಿ ರಂಧ್ರ ಗಂಟೆಗೆ 4 ಲೀಟರ್ ಬಿಡುತ್ತದೆ. 20 ಗುಂಟೆ ಎಂದರೆ 2,023 ಚದರ ಮೀಟರ್. ಅದರಲ್ಲಿ ಸುಮಾರು 3,370 ರಂಧ್ರಗಳು ಬರುತ್ತವೆ. ಒಂದು ಭಾಗಕ್ಕೆ ಗಂಟೆಗೆ ಸುಮಾರು 13,500 ಲೀಟರ್ ನೀರು ಬೇಕು.

5 ಎಚ್‌ಪಿ ಪಂಪ್ ಒಟ್ಟು 30 ಮೀಟರ್ ಎತ್ತರಕ್ಕೆ ಗಂಟೆಗೆ ಹೆಚ್ಚೂಕಡಿಮೆ 20,000 ಲೀಟರ್ ಎತ್ತುತ್ತದೆ. ಒಂದು ಭಾಗಕ್ಕೆ ಅದು ಧಾರಾಳ. ಎರಡು ಭಾಗ ಒಟ್ಟಿಗೆ ತೆರೆದರೆ 27,000 ಲೀಟರ್ ಬೇಕಾಗುತ್ತದೆ. ಒತ್ತಡ ಬಿದ್ದು ಪೈಪಿನ ತುದಿಯ ರಂಧ್ರಗಳು ಒಣಗುತ್ತವೆ. ಹಾಗಾಗಿ ಒಂದು ಸಲಕ್ಕೆ ಒಂದೇ ವಾಲ್ವ್ ತೆರೆಯಬೇಕು. ತ್ರೀ ಫೇಸ್ ಕರೆಂಟ್ 7 ಗಂಟೆ ಸಿಕ್ಕರೆ 420 ನಿಮಿಷ. ಪ್ರತಿ ಭಾಗಕ್ಕೆ 50 ನಿಮಿಷದಂತೆ 400 ನಿಮಿಷ ಹೋಗಿ 20 ನಿಮಿಷ ಕೈಯಲ್ಲಿ ಉಳಿಯುತ್ತದೆ. 50 ನಿಮಿಷದಲ್ಲಿ 11,250 ಲೀಟರ್, ಅಂದರೆ ನೆಲದ ಮೇಲೆ 5.6 ಮಿಲಿಮೀಟರ್ ನೀರು ಬೀಳುತ್ತದೆ.

ಒಂದು ಒಳದಾರಿ, ಹಲವು ಹೊರದಾರಿ, ಒಂದು ಸಲಕ್ಕೆ ಒಂದೇ ಹೊರದಾರಿ ತೆರೆದಿರುವುದು: ಡಿಮಲ್ಟಿಪ್ಲೆಕ್ಸರ್ ಮಾಡುವುದು ಇದನ್ನೇ. ಅದಕ್ಕೆ ಒಂದು ಡೇಟಾ ತಂತಿ, ಕೆಲವು ಸೆಲೆಕ್ಟ್ ತಂತಿ ಸಾಕು. ಪ್ರತಿ ಸೆಲೆಕ್ಟ್ ತಂತಿಯಲ್ಲಿ 0 ಅಥವಾ 1 ಇರುತ್ತದೆ. 3 ತಂತಿಗೆ 2 × 2 × 2 = 8 ಜೋಡಣೆ, ಅಂದರೆ 8 ವಿಳಾಸ. 4 ತಂತಿಗೆ 16. ಸೆಲೆಕ್ಟ್ ತಂತಿಗಳು ಯಾವ ವಿಳಾಸ ಹೇಳುತ್ತವೆಯೋ ಆ ಹೊರದಾರಿಗೆ ಮಾತ್ರ ಡೇಟಾ ತಂತಿಯ 0 ಅಥವಾ 1 ತಲುಪುತ್ತದೆ. ಉಳಿದವೆಲ್ಲ 0.

ಪೆಟ್ಟಿಗೆಯೊಳಗೆ

ವಾಲ್ವ್ ಕೆಲಸಕ್ಕೆ 74ಎಚ್‌ಸಿ238 ಚಿಪ್ ಹೊಂದುತ್ತದೆ. ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಸಿಗುವ 74ಎಚ್‌ಸಿ138 ಕೂಡ ಇದೇ ಕಾಲುಜೋಡಣೆಯದು. ಆದರೆ ಅದರಲ್ಲಿ ಆಯ್ಕೆಯಾದ ಹೊರದಾರಿ 0 ಆಗಿ ಉಳಿದವು 1 ಆಗುತ್ತವೆ. ಅದನ್ನು ಹಾಗೆಯೇ ಹಾಕಿದರೆ ಒಂದರ ಬದಲು ಏಳು ವಾಲ್ವ್ ತೆರೆಯುತ್ತವೆ.

238ರಲ್ಲಿ 16 ಕಾಲು. 1, 2, 3ನೇ ಕಾಲುಗಳಿಗೆ ಸೆಲೆಕ್ಟ್ ತಂತಿಗಳು. 4 ಮತ್ತು 5ನ್ನು ನೆಗೆಟಿವ್‌ಗೆ ಕಟ್ಟಿ 6ಕ್ಕೆ ಡೇಟಾ ಕೊಡಬೇಕು. ಹೊರದಾರಿಗಳು 15ನೇ ಕಾಲಿನಿಂದ ಹಿಂದಕ್ಕೆ ಬರುತ್ತವೆ: 15ರಲ್ಲಿ 0, 14ರಲ್ಲಿ 1, ಹೀಗೆ 9ರಲ್ಲಿ 6. ಕೊನೆಯ 7ನೇ ಹೊರದಾರಿ 8ರಲ್ಲಿಲ್ಲ, 7ನೇ ಕಾಲಿನಲ್ಲಿದೆ. 8ನೇ ಕಾಲು ನೆಗೆಟಿವ್, 16 ಪಾಸಿಟಿವ್. ಚಿಪ್‌ನ ಹೊರದಾರಿ ಕೆಲವೇ ಮಿಲಿಆಂಪಿಯರ್ ಕೊಡಬಲ್ಲದು, ವಾಲ್ವ್‌ನ ಕಾಯಿಲ್‌ಗೆ 0.3 ಆಂಪಿಯರ್ ಬೇಕು ಎಂದು ಹಿಡಿಯೋಣ. ಆ ಹೊರೆಯನ್ನು ಪಕ್ಕದ ಯುಎಲ್‌ಎನ್2803 ಚಿಪ್ ಹೊರುತ್ತದೆ. ಒಂದೊಂದು ದಾರಿಗೆ 0.5 ಆಂಪಿಯರ್‌ವರೆಗೆ ಅದು ತಡೆಯುತ್ತದೆ.

ಶೆಡ್‌ನಿಂದ ಪೆಟ್ಟಿಗೆಗೆ 5 ವೋಲ್ಟ್ ಸಂಕೇತವನ್ನು ನೇರವಾಗಿ ಕಳಿಸಬಾರದು. ಮೋಟರ್ ಕೇಬಲ್ ಪಕ್ಕದಲ್ಲಿ ನೂರಾರು ಮೀಟರ್ ಹೋದ ತಂತಿಯಲ್ಲಿ ಅಷ್ಟು ಗದ್ದಲ ತಾನಾಗಿಯೇ ಹುಟ್ಟಿ ಚಿಪ್ ತಪ್ಪು ಓದುತ್ತದೆ. ಸಂಕೇತ 24 ವೋಲ್ಟ್‌ನಲ್ಲಿ ಹೋಗಿ, ಪೆಟ್ಟಿಗೆಯಲ್ಲಿ ಆಪ್ಟೋಕಪ್ಲರ್ ಮೂಲಕ 5 ವೋಲ್ಟ್ ಆಗಿ ಚಿಪ್ ಸೇರಬೇಕು. ತಂತಿ ಕಡಿದರೆ ಚಿಪ್‌ಗೆ 0 ಎಂದೇ ಕಾಣುವಂತೆ ಜೋಡಿಸಿದರೆ, ಡೇಟಾ ತಂತಿ ಹೋದಾಗ ಎಲ್ಲ ವಾಲ್ವ್ ಮುಚ್ಚಿಕೊಳ್ಳುತ್ತವೆ.

ತಂತಿಯ ಅಳತೆ

ಹೊಲದ ಅಂಚಿನ ಮುಖ್ಯ ಪೈಪ್ 240 ಮೀಟರ್. ಪ್ರತಿ ಭಾಗ 30 ಮೀಟರ್ ಅಗಲ. ವಾಲ್ವ್‌ಗಳು 15, 45, 75 ಹೀಗೆ 225ನೇ ಮೀಟರಿನವರೆಗೆ ಕೂರುತ್ತವೆ.

ನೇರ ವಿಧಾನದಲ್ಲಿ 8 ವಾಲ್ವ್ ತಂತಿ, 1 ಸಾಮಾನ್ಯ ತಂತಿ. ಹೊಲದೊಳಗೆ 960 ಮತ್ತು 225 ಸೇರಿ 1,185 ಮೀಟರ್. ಶೆಡ್‌ನಿಂದ ಹೊಲದ ಅಂಚಿಗೆ 300 ಮೀಟರ್‌ಗೆ ಒಂಬತ್ತೂ ತಂತಿ ಎಳೆದರೆ 2,700. ಒಟ್ಟು 3,885 ಮೀಟರ್. ಎಲ್ಲವೂ ಕಾಯಿಲ್‌ನ ಕರೆಂಟ್ ಹೊರುವುದರಿಂದ ಎಲ್ಲವೂ 1.5 ಚದರ ಮಿಲಿಮೀಟರ್ ತಾಮ್ರ ಆಗಿರಬೇಕು.

ಡಿಮಲ್ಟಿಪ್ಲೆಕ್ಸರ್ ಪೆಟ್ಟಿಗೆಯನ್ನು ಶೆಡ್‌ನಲ್ಲೇ ಇಟ್ಟರೆ ಈ ಅಳತೆ ಒಂದು ಮೀಟರ್ ಕೂಡ ಇಳಿಯುವುದಿಲ್ಲ. ಏಕೆಂದರೆ ಹೊರದಾರಿಯಿಂದ ವಾಲ್ವ್‌ಗೆ ಒಂದೊಂದು ತಂತಿ ಹೇಗೂ ಬೇಕು. ಉಳಿತಾಯ ಇರುವುದು ಪೆಟ್ಟಿಗೆಯ ಹಿಂದಿನ ತಂತಿಗಳಲ್ಲಿ ಮಾತ್ರ. ಆದ್ದರಿಂದ ಅದನ್ನು 120ನೇ ಮೀಟರಿನಲ್ಲಿ, ವಾಲ್ವ್ ಸಾಲಿನ ನಟ್ಟನಡುವೆ ಇಡಬೇಕು. ಆಗ ಶೆಡ್‌ನಿಂದ ಪೆಟ್ಟಿಗೆಗೆ 420 ಮೀಟರ್ ಹೋಗುವುದು 6 ತಂತಿ: 3 ಸೆಲೆಕ್ಟ್, 1 ಡೇಟಾ, 2 ವಿದ್ಯುತ್ತಿಗೆ. ಮೊದಲ ನಾಲ್ಕರಲ್ಲಿ ಹರಿಯುವುದು ಸುಮಾರು 5 ಮಿಲಿಆಂಪಿಯರ್, ಹಾಗಾಗಿ 0.5 ಚದರ ಮಿಲಿಮೀಟರ್ ಸಾಕು. ದಪ್ಪ ತಂತಿ ಎರಡೇ. ಪೆಟ್ಟಿಗೆಯಿಂದ ವಾಲ್ವ್‌ಗಳಿಗೆ 690 ಮೀಟರ್.

1.5ರ ತಂತಿಗೆ ಮೀಟರಿಗೆ 22, 0.5ರದಕ್ಕೆ 9 ರೂಪಾಯಿ ಎಂದು ಹಿಡಿದ ಲೆಕ್ಕ ಇದು. ಅಂಗಡಿಯ ದರ ಬದಲಾದರೆ ಆ ಎರಡು ಅಂಕಿ ಬದಲಿಸಿಕೊಳ್ಳಬೇಕು.

| ಶೆಡ್‌ನಿಂದ ಹೊಲದ ಅಂಚಿಗೆ | ನೇರ ತಂತಿ (ರೂ.) | ಪೆಟ್ಟಿಗೆ ಸೇರಿ ಡಿಮಲ್ಟಿಪ್ಲೆಕ್ಸರ್ (ರೂ.) | ಉಳಿತಾಯ (ರೂ.) |
|---|---|---|---|
| 0 ಮೀಟರ್ | 26,070 | 26,280 | ಇಲ್ಲ |
| 100 ಮೀಟರ್ | 45,870 | 34,280 | 11,590 |
| 300 ಮೀಟರ್ | 85,470 | 50,280 | 35,190 |

ದೂರ ಒಂದು ಮೀಟರ್ ಹೆಚ್ಚಿದರೆ ನೇರ ವಿಧಾನಕ್ಕೆ 198 ರೂಪಾಯಿ, ಡಿಮಲ್ಟಿಪ್ಲೆಕ್ಸರ್‌ಗೆ 80 ರೂಪಾಯಿ ಏರುತ್ತದೆ. ವ್ಯತ್ಯಾಸ 118. ಮುಖ್ಯ ಪೈಪಿನ ಎರಡೂ ಬದಿ ಹೊಲವಿದ್ದು 8 ಎಕರೆಗೆ 16 ವಾಲ್ವ್ ಆದರೆ, ನೇರ ವಿಧಾನಕ್ಕೆ 17 ದಪ್ಪ ತಂತಿ ಬೇಕು. ಡಿಮಲ್ಟಿಪ್ಲೆಕ್ಸರ್‌ಗೆ 2 ದಪ್ಪ, 5 ತೆಳು. ಆಗ ವ್ಯತ್ಯಾಸ ಮೀಟರಿಗೆ 285 ರೂಪಾಯಿ. ವಾಲ್ವ್ ಎರಡರಷ್ಟಾದರೂ ಹೆಚ್ಚುವುದು ಒಂದೇ ಸೆಲೆಕ್ಟ್ ತಂತಿ.

ಎಲ್ಲಿ ಎಡವುತ್ತದೆ

ಮೊದಲ ಮಿತಿ ತಂತಿಯಲ್ಲಿ ಕಳೆದುಹೋಗುವ ವೋಲ್ಟ್. 1.5ರ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 12 ಓಮ್. ನಮ್ಮ ಹೊಲದ ಕೊನೆಯ ವಾಲ್ವ್‌ಗೆ 525 ಮೀಟರ್, ಹೋಗಿ ಬರಲು 1,050 ಮೀಟರ್. 12.6 ಓಮ್‌ನಲ್ಲಿ 0.3 ಆಂಪಿಯರ್ ಹರಿದರೆ 3.8 ವೋಲ್ಟ್ ಕಳೆಯುತ್ತದೆ. ಶೆಡ್‌ನ ಪವರ್ ಸಪ್ಲೈಯನ್ನು 27 ವೋಲ್ಟ್‌ಗೆ ಏರಿಸಿದರೆ ಅಲ್ಲಿ 23.2 ಸಿಗುತ್ತದೆ. ಆದರೆ ನದಿದಂಡೆಯ ಪಂಪ್ 1 ಕಿಲೋಮೀಟರ್ ದೂರವಿದ್ದರೆ ಕಳೆಯುವುದು 8.8 ವೋಲ್ಟ್. ಆಗ ಪೆಟ್ಟಿಗೆಯ ಬಳಿಯೇ ಬ್ಯಾಟರಿ, ಸೌರಫಲಕ ಇಡುವುದು ಲೇಸು.

ಎರಡನೆಯದು ವಾಲ್ವ್ ಬದಲಿಸುವ ಗಳಿಗೆ. ಪಂಪ್ ಓಡುತ್ತಿರುವಾಗ ಎಲ್ಲ ವಾಲ್ವ್ ಮುಚ್ಚಿದರೆ ಪೈಪ್ ಒಡೆಯುವ ಭಯ. ಸಾಮಾನ್ಯವಾಗಿ ಮುಂದಿನದನ್ನು ತೆರೆದ ಮೇಲೆ ಹಿಂದಿನದನ್ನು ಮುಚ್ಚುತ್ತಾರೆ. ಡಿಮಲ್ಟಿಪ್ಲೆಕ್ಸರ್ ಎರಡನ್ನು ಒಟ್ಟಿಗೆ ಹಿಡಿದಿಡಲಾರದು. ಡೇಟಾ 0 ಮಾಡಿ, ಸೆಲೆಕ್ಟ್ ಬದಲಿಸಿ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಡೇಟಾ 1 ಮಾಡಬೇಕು. ಡಯಾಫ್ರಾಮ್ ವಾಲ್ವ್ ಮುಚ್ಚಲು ಕೆಲವು ಸೆಕೆಂಡ್ ತೆಗೆದುಕೊಳ್ಳುವುದರಿಂದ ಅಷ್ಟರಲ್ಲಿ ಹೊಸದು ತೆರೆಯತೊಡಗುತ್ತದೆ. ಆದರೂ ಮುಖ್ಯ ಪೈಪಿಗೆ ಒಂದು ಪ್ರೆಷರ್ ರಿಲೀಫ್ ವಾಲ್ವ್ ಇರಲೇಬೇಕು. ಎರಡನ್ನೂ ಹಿಡಿದಿಡಲೇಬೇಕು ಎನ್ನುವವರಿಗೆ ನೆನಪಿಟ್ಟುಕೊಳ್ಳುವ 74ಎಚ್‌ಸಿ259 ಚಿಪ್ ಇದೆ. ಅದಕ್ಕೆ ಇನ್ನೊಂದು ತೆಳು ತಂತಿ ಬೇಕು, 420 ಮೀಟರಿಗೆ 3,780 ರೂಪಾಯಿ.

ಮೂರನೆಯದು ಕಣ್ಣಿಗೆ ಬೀಳದ ದೋಷ. ವಾಲ್ವ್‌ಗಳಿಗೆ 0ಯಿಂದ 7ರವರೆಗೆ ಸಂಖ್ಯೆ ಕೊಟ್ಟಿದ್ದೇವೆ ಎನ್ನಿ. ಸೆಲೆಕ್ಟ್ ತಂತಿಗಳ ಬೆಲೆ 1, 2, 4. ಇಲಿ ಕಡಿದೋ ಸಲಿಕೆ ತಾಗಿಯೋ ಬೆಲೆ 2ರ ತಂತಿ ತುಂಡಾಯಿತು. ಈಗ 2 ಎಂದರೆ 0 ತೆರೆಯುತ್ತದೆ, 3 ಎಂದರೆ 1, 6 ಎಂದರೆ 4, 7 ಎಂದರೆ 5. ನಾಲ್ಕು ಭಾಗಗಳಿಗೆ 100 ನಿಮಿಷ, 22,500 ಲೀಟರ್. ಉಳಿದ ನಾಲ್ಕಕ್ಕೆ ಒಂದು ಹನಿಯೂ ಇಲ್ಲ. ಯಾವುದೋ ಒಂದು ಕಾಯಿಲ್ ಕರೆಂಟ್ ಎಳೆಯುತ್ತಲೇ ಇರುವುದರಿಂದ ಶೆಡ್‌ನಲ್ಲಿ ಎಲ್ಲವೂ ಸರಿಯಾಗಿಯೇ ತೋರುತ್ತದೆ.

ಒಣಗಿದ ಭಾಗಗಳ ಸಂಖ್ಯೆಯೇ ಕಡಿದ ತಂತಿಯನ್ನು ತೋರಿಸುತ್ತದೆ. 1, 3, 5, 7 ಒಣಗಿದ್ದರೆ ಬೆಲೆ 1ರ ತಂತಿ. 2, 3, 6, 7 ಒಣಗಿದ್ದರೆ ಬೆಲೆ 2ರದು. 4ರಿಂದ 7 ಒಣಗಿದ್ದರೆ ಬೆಲೆ 4ರದು. ಒಂದೇ ಭಾಗ ಒಣಗಿದ್ದರೆ ಆ ವಾಲ್ವ್‌ನ ತಂತಿ ಅಥವಾ ಕಾಯಿಲ್ ಕೆಟ್ಟಿದೆ. ಎಂಟೂ ಒಣಗಿದ್ದರೆ ಡೇಟಾ ಅಥವಾ ವಿದ್ಯುತ್ ತಂತಿಯನ್ನು ನೋಡಬೇಕು. ವಿದ್ಯುತ್ ತಂತಿಗೆ ಶೆಡ್‌ನಲ್ಲೇ ಒಂದು ಆಂಪಿಯರ್ ಮೀಟರ್ ಹಾಕಿದರೆ ಕೊನೆಯ ಎರಡು ದೋಷ ಅಲ್ಲಿಯೇ ಸಿಗುತ್ತವೆ. ಒಂದು ಸಲಕ್ಕೆ ಒಂದೇ ಕಾಯಿಲ್ ಚಾಲೂ ಇರುವುದರಿಂದ ಮುಳ್ಳು 0.3ರಲ್ಲಿ ನಿಂತರೆ ಸರಿ, 0ಗೆ ಬಿದ್ದರೆ ತಂತಿ ಕಡಿದಿದೆ, ಮೇಲೆ ಹಾರಿದರೆ ಶಾರ್ಟ್ ಆಗಿದೆ. ಸೆಲೆಕ್ಟ್ ತಂತಿಯ ದೋಷ ಮಾತ್ರ ಮೀಟರಿನಲ್ಲಿ ಕಾಣದು. ಅದಕ್ಕೆ ವಾರಕ್ಕೊಮ್ಮೆಯಾದರೂ 1, 2, 4ನೇ ವಾಲ್ವ್‌ಗಳನ್ನು ಒಂದೊಂದಾಗಿ ಕರೆದು, ನೀರು ಆಯಾ ಭಾಗಕ್ಕೇ ಬಂತೇ ಎಂದು ಹೊಲದಲ್ಲಿ ನಿಂತು ನೋಡಬೇಕು. ಮೂರೂ ಸರಿಯಿದ್ದರೆ ಮೂರು ಸೆಲೆಕ್ಟ್ ತಂತಿಗಳೂ ಸರಿಯಿವೆ ಎಂದೇ ಅರ್ಥ.