ಪೆನ್‌ಡ್ರೈವ್ ಮೊದಲು ಕಿತ್ತಿಡಿ

ಪಿಎಚ್.ಡಿ. ಪ್ರಬಂಧ ಸಲ್ಲಿಸುವ ದಿನಗಳಲ್ಲಿ ವಿಶ್ವವಿದ್ಯಾಲಯಗಳ ಎದುರಿನ ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಮತ್ತೆ ಮತ್ತೆ ನಡೆಯುವ ಪ್ರಸಂಗವಿದು. ವಿದ್ಯಾರ್ಥಿನಿಯೊಬ್ಬಳು 16 ಜಿಬಿ ಪೆನ್‌ಡ್ರೈವ್ ತಂದಿದ್ದಾಳೆ ಎಂದುಕೊಳ್ಳೋಣ. ಅದರಲ್ಲಿ ಜಾಗ ಸಾಲುತ್ತಿಲ್ಲ. ಹಳೆಯ ಫೋಲ್ಡರ್ ಎಂದು ತಿಳಿದು ಒಂದನ್ನು ಅಳಿಸುತ್ತಾಳೆ. ಶಾಶ್ವತವಾಗಿ ಅಳಿಸಬೇಕೇ ಎಂದು ವಿಂಡೋಸ್ ಕೇಳುತ್ತದೆ, ಅವಸರದಲ್ಲಿ ‘Yes’ ಒತ್ತಿಯಾಗುತ್ತದೆ. ಪ್ರಬಂಧದ ಮೂರನೇ ಅಧ್ಯಾಯ ಇದ್ದದ್ದು ಅದರಲ್ಲೇ ಎಂದು ಆಮೇಲೆ ಗೊತ್ತಾಗುತ್ತದೆ.

‘ರಿಸೈಕಲ್ ಬಿನ್‌ನಲ್ಲಿ ಇರುತ್ತೆ ಮೇಡಂ, ಗಾಬರಿಯಾಗಬೇಡಿ’ ಎಂದು ಅಂಗಡಿಯವನು ಹುಡುಕುತ್ತಾನೆ. ಅಲ್ಲಿ ಇರುವುದಿಲ್ಲ. ಪೆನ್‌ಡ್ರೈವ್‌ನಿಂದ ಅಳಿಸಿದ ಕಡತಗಳನ್ನು ವಿಂಡೋಸ್ ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹಾಕುವುದೇ ಇಲ್ಲ. ಮ್ಯಾಕ್ ಅಥವಾ ಲಿನಕ್ಸ್ ಕಂಪ್ಯೂಟರಿನಲ್ಲಿ ಅಳಿಸಿದ್ದರೆ ಮಾತು ಬೇರೆ. ಅವು ಪೆನ್‌ಡ್ರೈವ್‌ನೊಳಗೇ ಒಂದು ಗುಪ್ತ ಫೋಲ್ಡರ್ ಮಾಡಿ ಕಡತವನ್ನು ಅಲ್ಲಿಗೆ ಸರಿಸುತ್ತವೆ. ಅಂಥ ಸಂದರ್ಭದಲ್ಲಿ ಅದೇ ಕಂಪ್ಯೂಟರಿನ ಕಸದ ಬುಟ್ಟಿ ತೆರೆದರೆ ಕೆಲಸ ಮುಗಿಯಿತು.

ವಿಂಡೋಸ್‌ನಲ್ಲಿ ಅಳಿಸಿದ ಅಧ್ಯಾಯವೂ ಆ ಕ್ಷಣದಲ್ಲಿ ಪೆನ್‌ಡ್ರೈವ್ ಬಿಟ್ಟು ಎಲ್ಲಿಗೂ ಹೋಗಿರುವುದಿಲ್ಲ. ಹೆಚ್ಚಿನ ಪೆನ್‌ಡ್ರೈವ್‌ಗಳಲ್ಲಿ ಕಡತಗಳ ಲೆಕ್ಕ ಇಡುವುದು ಎಫ್‌ಎಟಿ32 ಅಥವಾ ಅದರ ಹೊಸ ಪೀಳಿಗೆಯ ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆ. ಎಫ್‌ಎಟಿ32 ಇಡೀ ಜಾಗವನ್ನು ಕ್ಲಸ್ಟರ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಪಾಲು ಮಾಡಿಕೊಂಡಿರುತ್ತದೆ. 16 ಜಿಬಿ ಪೆನ್‌ಡ್ರೈವನ್ನು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಒಂದು ಕ್ಲಸ್ಟರ್ ಸಾಮಾನ್ಯವಾಗಿ 8 ಕೆಬಿ. ಅಂದರೆ ಒಟ್ಟು ಸುಮಾರು 19 ಲಕ್ಷ ಕ್ಲಸ್ಟರ್‌ಗಳು. 400 ಕೆಬಿಯ ಆ ಅಧ್ಯಾಯ ಹಿಡಿದಿದ್ದು ಅವುಗಳಲ್ಲಿ 50 ಮಾತ್ರ.

ಪ್ರತಿ ಕಡತಕ್ಕೂ ಫೋಲ್ಡರಿನಲ್ಲಿ 32 ಬೈಟ್‌ಗಳ ಒಂದು ದಾಖಲೆ ಇರುತ್ತದೆ. ಹೆಸರು, ಗಾತ್ರ, ದಿನಾಂಕ, ಮೊದಲ ಕ್ಲಸ್ಟರಿನ ಸಂಖ್ಯೆ ಎಲ್ಲ ಅದರಲ್ಲೇ. ಮುಂದಿನ ಕ್ಲಸ್ಟರ್ ಯಾವುದು, ಅದರ ಮುಂದಿನದು ಯಾವುದು ಎಂಬ ಸರಪಳಿ ಮಾತ್ರ ಬೇರೊಂದು ಕೋಷ್ಟಕದಲ್ಲಿ. ಕಡತ ಅಳಿಸಿದಾಗ ಕಂಪ್ಯೂಟರ್ ಎರಡೇ ಕೆಲಸ ಮಾಡುತ್ತದೆ. ದಾಖಲೆಯ ಮೊದಲ ಬೈಟನ್ನು ಬದಲಿಸಿ `E5` ಎಂದು ಬರೆಯುತ್ತದೆ, ಹಾಗೆಂದರೆ ‘ಇದು ಅಳಿಸಿದ್ದು’. ಜೊತೆಗೆ ಕೋಷ್ಟಕದಲ್ಲಿನ ಆ 50 ಮನೆಗಳಿಗೆ ಸೊನ್ನೆ ಹಾಕುತ್ತದೆ, ಹಾಗೆಂದರೆ ‘ಇವು ಖಾಲಿ’. ಅಧ್ಯಾಯದ ಅಕ್ಷರಗಳನ್ನು ಅದು ಮುಟ್ಟುವುದೇ ಇಲ್ಲ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೂ ಹೊಲದ ಪೈರು ನಿಂತಲ್ಲೇ ನಿಂತಿರುವ ಹಾಗೆ. ಹೊಸಬ ಬಂದು ನೇಗಿಲು ಹೂಡುವವರೆಗೆ ಅದು ಇರುತ್ತದೆ.

ಪೆನ್‌ಡ್ರೈವ್ ಬಳಸುವುದನ್ನು ಆ ಕೂಡಲೇ ನಿಲ್ಲಿಸಬೇಕು ಎನ್ನುವುದು ಈ ಕಾರಣಕ್ಕೆ. ಖಾಲಿ ಎಂದು ಗುರುತಾದ ಕ್ಲಸ್ಟರನ್ನು ಕಂಪ್ಯೂಟರ್ ಮುಂದಿನ ಯಾವ ಕಡತಕ್ಕೆ ಬೇಕಾದರೂ ಕೊಡಬಹುದು. ಮೊಬೈಲಿನಲ್ಲಿ ತೆಗೆದ 3 ಎಂಬಿಯ ಒಂದೇ ಒಂದು ಫೋಟೊ ನಕಲಾದರೆ 384 ಕ್ಲಸ್ಟರ್ ಬೇಕು, ಅಂದರೆ ಅಧ್ಯಾಯ ಹಿಡಿದಿದ್ದ ಜಾಗದ ಏಳು ಪಟ್ಟಿಗೂ ಹೆಚ್ಚು. ಅದು ಪೆನ್‌ಡ್ರೈವ್‌ನ ಯಾವ ಮೂಲೆಯಲ್ಲಿ ಕೂರುತ್ತದೆ ಎಂಬುದು ಬಳಸುವವರ ಕೈಯಲ್ಲಿಲ್ಲ.

ಹಾಗೆ ಒಮ್ಮೆ ಮೇಲೆ ಬರೆದಾದ ಮೇಲೆ ಯಾವ ಸಾಫ್ಟ್‌ವೇರಿಗೂ ಹಳೆಯದು ಸಿಗುವುದಿಲ್ಲ. ಫ್ಲ್ಯಾಶ್ ಚಿಪ್‌ನಲ್ಲಿ ಬರೆದ ಪುಟದ ಮೇಲೆಯೇ ನೇರವಾಗಿ ಮತ್ತೆ ಬರೆಯಲು ಬರುವುದಿಲ್ಲ, ಹೊಸದು ಚಿಪ್‌ನ ಬೇರೊಂದು ಪುಟಕ್ಕೆ ಹೋಗುತ್ತದೆ ಎಂಬುದು ನಿಜ. ಆದರೆ ಒಳಗಿನ ನಿಯಂತ್ರಕ ಆ ವಿಳಾಸವನ್ನು ಹೊಸ ಪುಟಕ್ಕೆ ಜೋಡಿಸಿಬಿಟ್ಟಿರುತ್ತದೆ. ಹಳೆಯ ಪುಟವನ್ನು ಯುಎಸ್‌ಬಿ ಮೂಲಕ ಕೇಳಿ ಪಡೆಯುವ ದಾರಿಯೇ ಉಳಿಯುವುದಿಲ್ಲ.

ತಾನು ಏನನ್ನೂ ಬರೆಯುತ್ತಿಲ್ಲ, ಸುಮ್ಮನೆ ತೆರೆದು ನೋಡುತ್ತಿದ್ದೇನೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಅಷ್ಟು ಸುಮ್ಮನಿರುವುದಿಲ್ಲ. ವಿಂಡೋಸ್ `System Volume Information` ಎಂಬ ಗುಪ್ತ ಫೋಲ್ಡರ್ ಹಾಕುತ್ತದೆ. ಮ್ಯಾಕ್ `.Spotlight-V100`, `.fseventsd` ಎಂಬವನ್ನು ಸೇರಿಸುತ್ತದೆ. ಪೆನ್‌ಡ್ರೈವ್‌ನಲ್ಲೇ ಇರುವ ವರ್ಡ್ ಕಡತವನ್ನು ತೆರೆದರೆ ಪಕ್ಕದಲ್ಲಿ `~$` ಎಂದು ಶುರುವಾಗುವ ಪುಟ್ಟ ಕಡತವೊಂದು ಹುಟ್ಟುತ್ತದೆ. ಎಲ್ಲಕ್ಕಿಂತ ಅಪಾಯದ್ದು ‘ಈ ಡ್ರೈವ್‌ನಲ್ಲಿ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಎಂಬ ಕಿಟಕಿ. ಸರಿಪಡಿಸುವುದೆಂದರೆ ಅದೇ ದಾಖಲೆ, ಅದೇ ಕೋಷ್ಟಕಗಳನ್ನು ಮತ್ತೆ ಬರೆಯುವುದು. ಅದಕ್ಕೆ ಬೇಡ ಎನ್ನಬೇಕು. ಫೈಲ್ ಮರಳಿಸುವ ಸಾಫ್ಟ್‌ವೇರನ್ನು ಅದೇ ಪೆನ್‌ಡ್ರೈವ್‌ಗೆ ಡೌನ್‌ಲೋಡ್ ಮಾಡಿ ತಮ್ಮ ಕಡತವನ್ನು ತಾವೇ ಹೂತುಹಾಕಿಕೊಂಡವರೂ ಇದ್ದಾರೆ.

ಆದ್ದರಿಂದ ಕ್ರಮ ಹೀಗೆ. ಪೆನ್‌ಡ್ರೈವನ್ನು ‘Eject’ ಮಾಡಿ ತೆಗೆದಿಡಬೇಕು. ಪೂರಾ ತಯಾರಿ ಆಗುವವರೆಗೆ ಟಿವಿ, ಕಾರು, ಸ್ನೇಹಿತರ ಲ್ಯಾಪ್‌ಟಾಪ್ ಯಾವುದಕ್ಕೂ ಅದನ್ನು ಚುಚ್ಚಬಾರದು. ಬೇಕಾದ ಸಾಫ್ಟ್‌ವೇರುಗಳನ್ನು ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಇಳಿಸಿಕೊಂಡು, ಅಲ್ಲಿ 16 ಜಿಬಿಗಿಂತ ಹೆಚ್ಚು ಜಾಗ ಖಾಲಿ ಇದೆಯೇ ನೋಡಿಕೊಳ್ಳಬೇಕು. ಅಂಗಡಿಯವನು ಮುದ್ರಣಕ್ಕೆಂದು ಹಿಂದೊಮ್ಮೆ ತನ್ನ ಡೆಸ್ಕ್‌ಟಾಪ್‌ಗೆ ನಕಲು ಮಾಡಿಕೊಂಡಿದ್ದನೇ, ಮಾರ್ಗದರ್ಶಕರಿಗೆ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಕಳಿಸಿದ್ದು ಇದೆಯೇ ಎಂದು ವಿಚಾರಿಸಲೂ ಇದೇ ಸರಿಯಾದ ಹೊತ್ತು.

ಪೆನ್‌ಡ್ರೈವ್ ಮತ್ತೆ ಹಾಕಿದ ಕೂಡಲೇ ನೋಡಬೇಕಾದ್ದು ಒಂದಿದೆ. ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ‘Properties’ ತೆರೆದರೆ ಎಷ್ಟು ಜಾಗ ಬಳಕೆಯಾಗಿದೆ ಎಂಬುದು ಕಾಣುತ್ತದೆ. ಕಣ್ಣಿಗೆ ಕಾಣುವ ಕಡತಗಳೆಲ್ಲ ಸೇರಿ 1 ಜಿಬಿಯೂ ಇಲ್ಲ, ಬಳಕೆ ಮಾತ್ರ 9 ಜಿಬಿ ಎಂದಿದ್ದರೆ ಕಡತಗಳು ಅಳಿದಿಲ್ಲ, ಅಡಗಿವೆ. ನೂರಾರು ಪೆನ್‌ಡ್ರೈವ್‌ಗಳು ಬಂದು ಹೋಗುವ ಅಂಗಡಿ ಕಂಪ್ಯೂಟರುಗಳಲ್ಲಿ ಶಾರ್ಟ್‌ಕಟ್ ವೈರಸ್ ಮಾಡುವ ಕಿತಾಪತಿ ಇದು. ಆ್ಯಂಟಿವೈರಸ್‌ನಿಂದ ತೊಳೆದು, ಪೆನ್‌ಡ್ರೈವ್ `E:` ಎಂದು ಕಾಣುತ್ತಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಕೊಟ್ಟರೆ ಎಲ್ಲವೂ ಮರಳಿ ಕಾಣಿಸಿಕೊಳ್ಳುತ್ತವೆ:

```
attrib -h -r -s /s /d E:\*.*
```

ನಿಜವಾಗಿಯೇ ಅಳಿದಿದ್ದರೆ ಪೆನ್‌ಡ್ರೈವ್ ಮೇಲೆ ನೇರವಾಗಿ ಹುಡುಕಾಟ ಶುರು ಮಾಡುವ ಬದಲು ಮೊದಲು ಅದರ ಪಡಿಯಚ್ಚು ತೆಗೆಯುವುದು ಬಲ್ಲವರ ಪದ್ಧತಿ. ಖಾಲಿ ಎನಿಸಿಕೊಂಡ ಕ್ಲಸ್ಟರ್‌ಗಳೂ ಸೇರಿ ಮೊದಲಿನಿಂದ ಕೊನೆಯವರೆಗಿನ ಪ್ರತಿ ಬೈಟೂ ಒಂದೇ ಇಮೇಜ್ ಕಡತದಲ್ಲಿ ಇಳಿಯುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ವಿನ್32 ಡಿಸ್ಕ್ ಇಮೇಜರ್ ಎಂಬ ಉಚಿತ ಸಾಧನವಿದೆ. ಕಂಪ್ಯೂಟರಿನ ಡಿಸ್ಕ್‌ನಲ್ಲಿ `pen.img` ಎಂಬ ಹೆಸರು ಕೊಟ್ಟು ‘Read’ ಒತ್ತಬೇಕು. ಪಕ್ಕದಲ್ಲೇ ‘Write’ ಗುಂಡಿಯೂ ಇರುತ್ತದೆ. ಅದನ್ನು ಒತ್ತಿದರೆ ದಿಕ್ಕು ತಿರುಗಿ ಪೆನ್‌ಡ್ರೈವ್ ಮೇಲೆಯೇ ಬರವಣಿಗೆ ಶುರುವಾಗುತ್ತದೆ. ಇಮೇಜ್ ಆದ ಮೇಲೆ ಪೆನ್‌ಡ್ರೈವ್ ಮತ್ತೆ ಪೆಟ್ಟಿಗೆ ಸೇರಬಹುದು. ಪ್ರಯೋಗಗಳೆಲ್ಲ ನಕಲಿನ ಮೇಲೆ ನಡೆಯುವುದರಿಂದ ಒಂದು ತಪ್ಪಿದರೆ ಇನ್ನೊಂದು ಎಂದು ಧೈರ್ಯವಾಗಿ ಪ್ರಯತ್ನಿಸಬಹುದು.

ಹುಡುಕುವುದಕ್ಕೆ ಎರಡು ದಾರಿ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ರೂಪಿಸಿದ ಟೆಸ್ಟ್‌ಡಿಸ್ಕ್ ಮತ್ತು ಫೋಟೊರೆಕ್ ಎಂಬ ಜೋಡಿ ಉಚಿತ ಸಾಫ್ಟ್‌ವೇರುಗಳು ಇವೆರಡಕ್ಕೂ ಒಳ್ಳೆಯ ಉದಾಹರಣೆ. ಟೆಸ್ಟ್‌ಡಿಸ್ಕ್‌ನ ‘Undelete’ ಆ 32 ಬೈಟ್‌ಗಳ ದಾಖಲೆಗಳನ್ನು ಓದುತ್ತದೆ. `E5` ಗುರುತು ಬಿದ್ದವನ್ನು ಕೆಂಪಕ್ಷರದಲ್ಲಿ ಪಟ್ಟಿ ಮಾಡಿ ತೋರಿಸುತ್ತದೆ. ಅಧ್ಯಾಯದ ಹೆಸರು ಅಲ್ಲಿ ಕಂಡರೆ ಅರ್ಧ ಗೆದ್ದಂತೆ. ಹೆಸರು, ದಿನಾಂಕದ ಸಮೇತ ನಕಲು ಮಾಡಿಕೊಳ್ಳಬಹುದು.

ಆದರೆ ಸರಪಳಿ ಸೊನ್ನೆಯಾಗಿರುವುದರಿಂದ ಅದಕ್ಕೆ ಗೊತ್ತಿರುವುದು ಎಲ್ಲಿ ಶುರು, ಎಷ್ಟು ಉದ್ದ ಎಂಬುದಷ್ಟೆ. ಅಲ್ಲಿಂದ ಸಾಲಾಗಿ 50 ಕ್ಲಸ್ಟರ್ ಎತ್ತಿಕೊಡುತ್ತದೆ. ಕಡತ ಒಂದೇ ಸಾಲಿನಲ್ಲಿದ್ದರೆ ಸರಿಯಾಗಿ ಬರುತ್ತದೆ. ತುಂಬಿ ತುಳುಕುತ್ತಿದ್ದ ಪೆನ್‌ಡ್ರೈವ್‌ನಲ್ಲಿ ಸಿಕ್ಕ ಸಿಕ್ಕ ಸಂದಿಯಲ್ಲಿ ಚೂರು ಚೂರಾಗಿ ಕೂತಿದ್ದರೆ ನಡುವೆ ಬೇರೆ ಕಡತದ ತುಂಡುಗಳು ಸೇರಿಕೊಳ್ಳುತ್ತವೆ.

ಫೋಟೊರೆಕ್ ದಾಖಲೆಗಳನ್ನು ನಂಬಿ ಕೂರುವುದಿಲ್ಲ, ನೇರ ಕ್ಲಸ್ಟರ್‌ಗಳನ್ನೇ ಓದುತ್ತದೆ. ಜೆಪೆಗ್ ಚಿತ್ರವಾದರೆ `FF D8 FF` ಎಂದು, ಪಿಡಿಎಫ್ ಆದರೆ `%PDF` ಎಂದು, ವರ್ಡ್‌ನ ಡಾಕ್ಸ್ ಕಡತವಾದರೆ `PK` ಎಂದು ಶುರುವಾಗುತ್ತದೆ. ಇಂಥ ತಲೆಬರಹ ಕಂಡಲ್ಲೆಲ್ಲ ಒಂದು ಕಡತ ಕತ್ತರಿಸಿ `recup_dir.1` ಎಂಬ ಫೋಲ್ಡರಿಗೆ ಹಾಕುತ್ತದೆ. ಕ್ವಿಕ್ ಫಾರ್ಮ್ಯಾಟ್ ಆಗಿ ದಾಖಲೆಗಳೇ ಇಲ್ಲದಾಗಲೂ ಇದು ಕೈಹಿಡಿಯುತ್ತದೆ. ಪೂರ್ಣ ಫಾರ್ಮ್ಯಾಟ್ ಆಗಿದ್ದರೆ ಇಲ್ಲ, ಏಕೆಂದರೆ ವಿಸ್ತಾ ನಂತರದ ವಿಂಡೋಸ್ ಆಗ ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತದೆ. ಫೋಟೊರೆಕ್‌ನಲ್ಲಿ ಮೂಲ ಹೆಸರುಗಳು ಸಾಮಾನ್ಯವಾಗಿ ಬರುವುದಿಲ್ಲ. `f` ಅಕ್ಷರದ ಮುಂದೆ ಒಂದಿಷ್ಟು ಅಂಕೆ, ಅಷ್ಟೆ.

ಹೀಗೆ ಬಂದ ರಾಶಿಯಲ್ಲಿ ಒಂದೇ ಅಧ್ಯಾಯ ಹಲವು ಸಲ ಸಿಕ್ಕರೆ ಆಶ್ಚರ್ಯವಿಲ್ಲ. ವರ್ಡ್ ಸೇವ್ ಮಾಡುವಾಗ ಹೊಸ ಪ್ರತಿಯನ್ನು ಬೇರೆ ಕಡೆ ಬರೆದು ಆಮೇಲೆ ಹಳೆಯದನ್ನು ಅಳಿಸುವುದರಿಂದ, ಹಿಂದಿನ ಕರಡುಗಳೂ ಅಲ್ಲಲ್ಲಿ ಬಿದ್ದಿರುತ್ತವೆ. ಕಡತದ ‘Properties’ನಲ್ಲಿ ‘Details’ಗೆ ಹೋಗಿ ‘Date last saved’ ನೋಡಿದರೆ ಕೊನೆಯದು ಯಾವುದೆಂದು ತಿಳಿಯುತ್ತದೆ. ಕೊನೆಯ ಕರಡು ಕೆಟ್ಟಿದ್ದು, ಅದರ ಹಿಂದಿನದು ಸರಿಯಾಗಿದ್ದರೂ ವಿದ್ಯಾರ್ಥಿನಿಗೆ ಎಷ್ಟೋ ದಿನದ ಕೆಲಸ ಉಳಿಯುತ್ತದೆ.

ಸಿಕ್ಕಿದ್ದು ಪೂರ್ತಿ ಸಿಕ್ಕಿದೆಯೇ ಎಂಬುದು ತೆರೆದಾಗಲೇ ಗೊತ್ತಾಗುವುದು. ಗಾತ್ರ ಸರಿಯಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಫೋಟೊದ ಮೇಲಿನ ಅರ್ಧ ಚೆನ್ನಾಗಿದ್ದು ಕೆಳಗೆ ಬೂದು ಬಣ್ಣ ಬಂದರೆ, ಬಾಕಿ ಕ್ಲಸ್ಟರ್‌ಗಳು ಬೇರೆಯವರ ಪಾಲಾಗಿವೆ ಎಂದರ್ಥ. ಡಾಕ್ಸ್ ಇನ್ನೂ ಸೂಕ್ಷ್ಮ. ಅದು ಒಳಗಿಂದ ಜಿಪ್ ಕಡತ, ಅದರ ಪರಿವಿಡಿ ಇರುವುದು ಕೊನೆಯಲ್ಲಿ. ಬಾಲ ಹೋದರೆ ಮೊದಲ 40 ಪುಟ ಭದ್ರವಾಗಿದ್ದರೂ ವರ್ಡ್ ತೆರೆಯಲು ಒಪ್ಪದಿರಬಹುದು. ಪೆನ್‌ಡ್ರೈವ್ ಗುರುತೇ ಸಿಗದಿದ್ದರೆ, ಅಥವಾ ಅದರ ಗಾತ್ರ ಸೊನ್ನೆ ಎಂದು ಕಂಡರೆ ಕೆಟ್ಟಿರುವುದು ಯಂತ್ರಾಂಶ. ಅದು ಚಿಪ್ ಬಿಚ್ಚಿ ಓದಬಲ್ಲ ಪ್ರಯೋಗಾಲಯದ ಕೆಲಸ.

ಕನ್ನಡ ಕಡತಗಳನ್ನು ಹುಡುಕುವವರಿಗೆ ಇನ್ನೊಂದು ತೊಡಕಿದೆ. ನುಡಿಯ ಹಳೆಯ ಫಾಂಟುಗಳಲ್ಲಿ, ಅಂದರೆ ಯೂನಿಕೋಡ್ ಅಲ್ಲದೆ ಬೆರಳಚ್ಚು ಮಾಡಿದ ಅಧ್ಯಾಯವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದಲ್ಲಿ `PÀ£ÀßqÀ` ಎಂದು ಕಾಣುತ್ತದೆ. ಕಡತ ಕೆಟ್ಟಿದೆ ಎಂದು ಇಂಥವನ್ನು ಎಸೆಯುವವರುಂಟು. ಹಾಳಾದ ಕಡತದಲ್ಲಿ ಚೌಕಗಳು, ಅರ್ಥವಿಲ್ಲದ ಚಿಹ್ನೆಗಳು ಅಡ್ಡಾದಿಡ್ಡಿ ಬರುತ್ತವೆ. ಇಲ್ಲಿ `À` ಎಂಬ ಅಕ್ಷರ ಪದ ಪದಕ್ಕೂ ಮರುಕಳಿಸುತ್ತದೆ, ಪದಗಳ ನಡುವಿನ ಅಂತರ, ಪ್ಯಾರಾಗಳು ಕ್ರಮವಾಗಿರುತ್ತವೆ. ನುಡಿ ತಂತ್ರಾಂಶ ಹಾಕಿ, ಪೂರ್ತಿ ಪಠ್ಯವನ್ನು ಆಯ್ದು ಬರೆದಾಗಿನ ಫಾಂಟ್ ಕೊಟ್ಟರೆ ಅಧ್ಯಾಯ ಓದಲು ಬರುತ್ತದೆ. ಫೋಟೊರೆಕ್ ತಂದ ರಾಶಿಯಲ್ಲಿ ಪದ ಕೊಟ್ಟು ಹುಡುಕುವಾಗಲೂ ಅಂಥ ಕಡತಗಳಿಗೆ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, `PÀ£ÀßqÀ` ಎಂದೇ ಹುಡುಕಬೇಕು.