ಮಾಲೀಕರು ಕೇಳಿದ್ದೇ ಬಾಡಿಗೆನಾ? ಮುಂಬೈನ ಕೋರ್ಟ್ ಲೆಕ್ಕ ಹಾಕೋದು ಹೀಗೆ

ಇವತ್ತು ಮುಂಬೈ ವಿಷಯ ತಗೊಂಡಿದ್ದೀನಿ, ಯಾಕಂದ್ರೆ ಅಲ್ಲಿ ಹಳೇ ಚಾಳ್‌ಗಳಲ್ಲಿ ತಲೆಮಾರುಗಳಿಂದ ಬಾಡಿಗೆಗಿರೋ ಕನ್ನಡಿಗರು ಬಹಳ ಮಂದಿ ಇದ್ದಾರೆ.

ಒಂದು ಉದಾಹರಣೆ ನೋಡೋಣ. ಚಾಳ್‌ನ ಒಂದು ಕೋಣೆಗೆ ತಿಂಗಳಿಗೆ ₹1,000 ಬಾಡಿಗೆ ಅಂತಿಟ್ಕೊಳ್ಳಿ. ಮಾಲೀಕರು ಬಂದು, "ಮುಂದಿನ ತಿಂಗಳಿಂದ ₹3,000 ಕೊಡಿ, ಇಲ್ಲಾಂದ್ರೆ ಖಾಲಿ ಮಾಡಿ" ಅಂತಾರೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಪ್ರಕಾರ ಅವರು ವರ್ಷಕ್ಕೆ ಏರಿಸಬಹುದಾದ್ದು ಶೇ 4 ಮಾತ್ರ. ಅಂದ್ರೆ ₹1,040.

"ಕಟ್ಟಡಕ್ಕೆ ಖರ್ಚು ಮಾಡಿದ್ದೀನಲ್ಲ" ಅಂತ ಅವರು ಕೇಳಬಹುದು. ಅದೂ ನ್ಯಾಯವೇ. ಶೇ 70ರಷ್ಟು ಬಾಡಿಗೆದಾರರು ಲಿಖಿತವಾಗಿ ಒಪ್ಪಿ ಮಾಡಿಸಿದ ಸುಧಾರಣೆಯಾದರೆ, ಆ ಖರ್ಚಿನ ಶೇ 15ರವರೆಗೆ ವರ್ಷಕ್ಕೆ ಸೇರಿಸಬಹುದು. ಇಪ್ಪತ್ತು ಕೋಣೆಗೆ ₹1,20,000 ಖರ್ಚಾಗಿದ್ದರೆ ಒಂದು ಕೋಣೆಯ ಪಾಲು ₹6,000. ಅದರ ಶೇ 15 ಅಂದ್ರೆ ವರ್ಷಕ್ಕೆ ₹900, ತಿಂಗಳಿಗೆ ₹75. ಒಟ್ಟು ₹1,115. ತೆರಿಗೆ ಹೆಚ್ಚಾಗಿದ್ದರೆ ಅದರ ಪಾಲು ಬೇರೆ. ಆದರೂ ಮೂರು ಸಾವಿರದ ಹತ್ತಿರಕ್ಕೂ ಹೋಗಲ್ಲ.

ಮೂಲ ಬಾಡಿಗೆ ಎಷ್ಟು ಅನ್ನೋದೇ ಜಗಳವಾದರೆ ಸ್ಮಾಲ್ ಕಾಸಸ್ ಕೋರ್ಟ್‌ಗೆ ಅರ್ಜಿ ಹಾಕಬೇಕು. ಕೋರ್ಟ್ ನಿಗದಿ ಮಾಡೋ ಮೊತ್ತಕ್ಕೆ ಸ್ಟ್ಯಾಂಡರ್ಡ್ ರೆಂಟ್ ಅಂತಾರೆ. ಹಿಂದೆ ಯಾವ ಕೋರ್ಟೂ ನಿಗದಿ ಮಾಡಿರದಿದ್ದರೆ, 1987ರ ಅಕ್ಟೋಬರ್ 1ರಂದು ಆ ಜಾಗಕ್ಕಿದ್ದ ಬಾಡಿಗೆಯೇ ಆಧಾರ. ಆ ಕಾಲದ ರಸೀದಿಯೇ ಇಲ್ಲ, ಅಥವಾ ಇಡೀ ಮನೆ ಕೊಟ್ಟಿದ್ದನ್ನು ಆಮೇಲೆ ಭಾಗ ಮಾಡಿದ್ದಾರೆ ಅನ್ನೋ ಸಂದರ್ಭದಲ್ಲಿ ಸಾಕ್ಷ್ಯ ನೋಡಿ ಕೋರ್ಟ್ ತನಗೆ ನ್ಯಾಯ ಅನ್ನಿಸಿದ್ದನ್ನು ನಿಗದಿ ಮಾಡುತ್ತೆ. ಅದಕ್ಕೇ ಹೇಳೋದು, ಅಜ್ಜನ ಕಾಲದ ರಸೀದಿ ಬಿಸಾಕಬೇಡಿ.

ಮಾಲೀಕರ ಕಡೆಗೂ ಒಂದು ಮಾತಿದೆ. ಹಳೇ 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟದಲ್ಲೇ ಹೆಪ್ಪುಗಟ್ಟಿಸಿತ್ತು. ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಇದು ಸಮಂಜಸವಲ್ಲ ಅಂತು. ಹೊಸ ಕಾಯ್ದೆಯ ಶೇ 4 ಬಂದಿದ್ದು ಆಮೇಲೆ. ನನ್ನ ಪ್ರಕಾರ ಅದೂ ಮಾಲೀಕರಿಗೆ ಕಡಿಮೆಯೇ, ಕಟ್ಟಡ ರಿಪೇರಿಯಾಗದೆ ಉಳಿಯೋಕೆ ಅದೂ ಒಂದು ಕಾರಣ.

ಇನ್ನು, ಈಗ ಮುಂಬೈಗೆ ಹೋಗೋ ಹೆಚ್ಚಿನವರು ಸಹಿ ಹಾಕೋದು ಲೀವ್ ಅಂಡ್ ಲೈಸೆನ್ಸ್ ಪತ್ರಕ್ಕೆ. ಅವರು ಕಾನೂನಿನ ಕಣ್ಣಲ್ಲಿ ಬಾಡಿಗೆದಾರರಲ್ಲ, ಶೇ 4ರ ರಕ್ಷಣೆ ಅವರಿಗಿಲ್ಲ. ಅವಧಿ ಮುಗಿದ ಮೇಲೆ ಮಾಲೀಕರು ಕೇಳಿದಷ್ಟು ಕೊಡಬೇಕು, ಇಲ್ಲಾ ಬಿಡಬೇಕು. ಸಹಿಗೆ ಮುಂಚೆ ಪತ್ರದ ತಲೆಬರಹ ಓದಿ.

ಹಳೇ ಬಾಡಿಗೆದಾರರು ಮಾತ್ರ ಜಗಳ ಅಂತ ಬಾಡಿಗೆ ಕಟ್ಟೋದು ನಿಲ್ಲಿಸಬಾರದು. ಕಾನೂನುಬದ್ಧ ಬಾಡಿಗೆ, ಏರಿಕೆ ಎರಡನ್ನೂ ಕಟ್ಟುತ್ತಿರುವವರೆಗೆ ಬಾಕಿ ಅನ್ನೋ ಕಾರಣಕ್ಕೆ ಹೊರಹಾಕೋಕಾಗಲ್ಲ. ಮಾಲೀಕರು ತಗೊಳ್ಳದಿದ್ದರೆ ದಾಖಲೆ ಉಳಿಯೋ ಹಾಗೆ ಕಳಿಸಿ. ಬಾಕಿಗೆ ನೋಟಿಸ್ ಬಂದರೆ 90 ದಿನ ಸಮಯ ಇರುತ್ತೆ, ಅಷ್ಟರೊಳಗೆ ವಕೀಲರನ್ನು ನೋಡಿ.