605 ಅಲ್ಲ, 609

ಫುಕುಶಿಮಾ ಅಣುಸ್ಥಾವರದ ಅವಘಡ ನಡೆದದ್ದು 2011ರ ಮಾರ್ಚ್‌ನಲ್ಲಿ. ಆಮೇಲೆ ಜಪಾನಿನ ಹಲವು ಊರುಗಳಲ್ಲಿ ಜನರೇ ಕೂಡಿ ಅಳತೆ ಕೇಂದ್ರಗಳನ್ನು ತೆರೆದರು. ಅಕ್ಕಿ, ಅಣಬೆ, ಹಿತ್ತಲಿನ ಮಣ್ಣು, ಎಲ್ಲವೂ ಡಬ್ಬಿಯಲ್ಲಿ ತುಂಬಿಕೊಂಡು ಅಲ್ಲಿಗೆ ಬರುತ್ತಿತ್ತು. ಬಹುತೇಕ ಕೇಂದ್ರಗಳಲ್ಲಿದ್ದದ್ದು ಸೋಡಿಯಂ ಅಯೋಡೈಡ್ ಡಿಟೆಕ್ಟರ್. ಜರ್ಮೇನಿಯಂ ಡಿಟೆಕ್ಟರಿನ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸುತ್ತ ಭಾರವಾದ ಸೀಸದ ಗೋಡೆ ಬೇಕು, ತಣ್ಣಗಿಡುವ ಏರ್ಪಾಡೂ ಬೇಕು.

ಅಳೆಯುವವರು ಹುಡುಕುತ್ತಿದ್ದದ್ದು ಮುಖ್ಯವಾಗಿ ಎರಡು ಐಸೊಟೋಪುಗಳನ್ನು: ಸೀಸಿಯಂ-137 ಮತ್ತು ಸೀಸಿಯಂ-134. ಮೊದಲನೆಯದರ ಅರ್ಧಾಯುಷ್ಯ ಸುಮಾರು 30 ವರ್ಷ. ಹಾಗಾಗಿ 1950, 60ರ ದಶಕಗಳ ಬಾಂಬ್ ಪರೀಕ್ಷೆಗಳಿಂದ ಉದುರಿದ್ದು ಇನ್ನೂ ಮಣ್ಣಿನಲ್ಲಿದೆ. ಎರಡನೆಯದರದು ಸುಮಾರು 2 ವರ್ಷ ಮಾತ್ರ, ಹಳೆಯದೇನಿದ್ದರೂ ಕರಗಿಹೋಗಿರುತ್ತದೆ. ಫುಕುಶಿಮಾದಿಂದ ಇವೆರಡೂ ಹೆಚ್ಚುಕಮ್ಮಿ ಸಮಸಮವಾಗಿ ಹೊರಬಿದ್ದವು. ಅಂದಮೇಲೆ ಅವಘಡದ ನಂತರದ ಆ ವರ್ಷಗಳಲ್ಲಿ ಮಣ್ಣಿನಲ್ಲಿ 134 ಸಿಕ್ಕಿದರೆ ಅದು ಫುಕುಶಿಮಾದ್ದು, ಬರೀ 137 ಇದ್ದರೆ ಅಜ್ಜನ ಕಾಲದ್ದು. ತೀರ್ಪೆಲ್ಲ ನಿಂತಿದ್ದದ್ದು 134 ಇದೆಯೋ ಇಲ್ಲವೋ ಎಂಬುದರ ಮೇಲೆ.

ತೊಡಕಿರುವುದೂ ಅಲ್ಲಿಯೇ. ಪ್ರತಿ ಐಸೊಟೋಪ್ ತನ್ನದೇ ಆದ ಶಕ್ತಿಯ ಗಾಮಾ ಕಿರಣಗಳನ್ನು ಹೊರಡಿಸುತ್ತದೆ. ಆ ಶಕ್ತಿಯನ್ನು ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ, ಚಿಕ್ಕದಾಗಿ ಕೆಇವಿಗಳಲ್ಲಿ, ಹೇಳುತ್ತಾರೆ. ಸೀಸಿಯಂ-137ರದು 661.7. ಸೀಸಿಯಂ-134ರ ಪ್ರಬಲ ಕಿರಣ 604.7, ಅದರ ಜೊತೆಗಾರ 795.9. ಇತ್ತ ಪ್ರಪಂಚದ ಎಲ್ಲ ಮಣ್ಣಿನಲ್ಲೂ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದರ ವಂಶದಲ್ಲಿ, ರೇಡಾನ್ ಅನಿಲದಿಂದ ಕೆಲವು ತಲೆಮಾರು ಕೆಳಗೆ, ಬಿಸ್ಮತ್-214 ಹುಟ್ಟುತ್ತದೆ. ಅದರ ಪ್ರಬಲ ಕಿರಣದ ಶಕ್ತಿ 609.3. ನಡುವಿನ ಅಂತರ 4.6 ಕೆಇವಿ ಅಷ್ಟೆ.

ಕತ್ತಲೆಯ ಹೆದ್ದಾರಿಯಲ್ಲಿ ದೂರದಿಂದ ಬರುವ ಲಾರಿಯ ಎರಡು ದೀಪ ಒಂದೇ ದೀಪವಾಗಿ ಕಾಣುವುದಿಲ್ಲವೇ, ಸೋಡಿಯಂ ಅಯೋಡೈಡಿನ ಪಾಡೂ ಅಷ್ಟೆ. ಒಂದೇ ಶಕ್ತಿಯ ಕಿರಣಗಳು ಬಂದರೂ ಕಂಪ್ಯೂಟರಿನ ತೆರೆಯ ಮೇಲೆ ಅದು ಮೂಡಿಸುವುದು ಗೆರೆಯನ್ನಲ್ಲ, ಅಗಲವಾದ ಗುಡ್ಡವನ್ನು. ಆ ಗುಡ್ಡದ ಅರ್ಧ ಎತ್ತರದಲ್ಲಿ ಅಡ್ಡಗೆರೆ ಎಳೆದು ಅಳೆದರೆ ಬರುವ ಅಗಲವೇ ಡಿಟೆಕ್ಟರಿನ ರೆಸಲ್ಯೂಶನ್. 600 ಕೆಇವಿ ಆಸುಪಾಸಿನಲ್ಲಿ ಸೋಡಿಯಂ ಅಯೋಡೈಡಿಗೆ ಅದು ಸುಮಾರು ಶೇ 7, ಎಂದರೆ 40ಕ್ಕೂ ಹೆಚ್ಚು ಕೆಇವಿ. ಅದರೊಳಗೆ 4.6ರ ಅಂತರ ಎಲ್ಲಿ ಕಾಣಬೇಕು? ಜರ್ಮೇನಿಯಂ ಅದೇ ಜಾಗದಲ್ಲಿ ಸುಮಾರು 1.3 ಕೆಇವಿ ಅಗಲದ ಸೂಜಿಗಳನ್ನು ನಿಲ್ಲಿಸುತ್ತದೆ. 604.7ರದು ಬೇರೆ, 609.3ರದು ಬೇರೆ, ನಡುವೆ ಖಾಲಿ ಬಯಲು.

ಇಷ್ಟೊಂದು ವ್ಯತ್ಯಾಸಕ್ಕೆ ಮೂಲ ಎಣಿಕೆಯಲ್ಲಿದೆ. ಸೋಡಿಯಂ ಅಯೋಡೈಡ್ ಹರಳಿಗೆ ಗಾಮಾ ಕಿರಣ ಬಡಿದಾಗ ಅದು ಮಿನುಗುತ್ತದೆ. 662 ಕೆಇವಿಗೆ ಸುಮಾರು 25,000 ಬೆಳಕಿನ ಕಣಗಳು. ಆ ಬೆಳಕು ಹಿಂದಿರುವ ಫೋಟೋ ಮಲ್ಟಿಪ್ಲಯರ್ ಕೊಳವೆಗೆ ತಲುಪಿ ಎಲೆಕ್ಟ್ರಾನ್‌ಗಳಾಗುವಷ್ಟರಲ್ಲಿ ಬಹಳಷ್ಟು ಸೋರಿಹೋಗಿ, ಕೈಗೆ ಸಿಗುವುದು ನಾಲ್ಕೈದು ಸಾವಿರ. ಹೀಗೆ ಯದ್ವಾತದ್ವಾ ಘಟಿಸುವುದನ್ನು ಎಣಿಸಿದಾಗ ಲೆಕ್ಕ ಒಂದೇ ಸಮ ಬರುವುದಿಲ್ಲ. 5,000 ಎಂದರೆ ಸಾಮಾನ್ಯವಾಗಿ ಅದರ ವರ್ಗಮೂಲದಷ್ಟು, ಅಂದರೆ 70ರಷ್ಟು, ಹಿಂದುಮುಂದಾಗುತ್ತದೆ. ಈ ತೊನೆದಾಟವೊಂದೇ ಶೇ 3ಕ್ಕೂ ಹೆಚ್ಚು ಅಗಲ ಕೊಡುತ್ತದೆ. ಹರಳು ಎಲ್ಲ ಶಕ್ತಿಗೂ ಒಂದೇ ಪ್ರಮಾಣದಲ್ಲಿ ಬೆಳಕು ಕೊಡದಿರುವುದು ಉಳಿದದ್ದನ್ನು ಸೇರಿಸುತ್ತದೆ.

ಜರ್ಮೇನಿಯಂ ಅರೆವಾಹಕ. ಅಲ್ಲಿ ಬೆಳಕಿನ ಮಧ್ಯವರ್ತಿಯೇ ಇಲ್ಲ. ಕಿರಣ ಬಡಿದಲ್ಲೇ ವಿದ್ಯುತ್ ಹುಟ್ಟುತ್ತದೆ, ಸುಮಾರು 3 ಎಲೆಕ್ಟ್ರಾನ್ ವೋಲ್ಟ್‌ಗೆ ಒಂದು ಜೋಡಿಯಂತೆ. ಅದೇ 662 ಕೆಇವಿಗೆ 2 ಲಕ್ಷಕ್ಕೂ ಮಿಕ್ಕಿ ಜೋಡಿಗಳು! ಜೊತೆಗೆ ಅವು ಹುಟ್ಟುವ ಬಗೆಯಲ್ಲಿ ಒಂದು ಶಿಸ್ತಿರುವುದರಿಂದ ಏರುಪೇರು ವರ್ಗಮೂಲಕ್ಕಿಂತಲೂ ಕಡಿಮೆ. ಆದರೆ ಇಷ್ಟು ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ವಸ್ತು ಕೋಣೆಯ ಶಾಖಕ್ಕೂ ಬಿಟ್ಟುಕೊಡುತ್ತದೆ. ಅದಕ್ಕೇ ದ್ರವ ಸಾರಜನಕ ಸುರಿದು ಅದನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯ ಹತ್ತಿರ ಇಡಬೇಕು. ಈಗ ವಿದ್ಯುತ್ತಿನಿಂದಲೇ ತಣಿಸುವ ಯಂತ್ರಗಳೂ ಇವೆ.

ಅವಘಡ ನಡೆದು ಎರಡು ವರ್ಷದ ಮೇಲೆ ಒಂದು ಡಬ್ಬಿ ಮಣ್ಣು ಅಳತೆಗೆ ಬಂತು ಎಂದುಕೊಳ್ಳಿ. ಸೋಡಿಯಂ ಅಯೋಡೈಡಿನ ತೆರೆಯಲ್ಲಿ 662ರ ಗುಡ್ಡ, ಅದರ ಎಡ ಮಗ್ಗುಲಿಗೆ ಅಂಟಿಕೊಂಡಂತೆ 600ರ ಚಿಲ್ಲರೆಯಲ್ಲಿ ಇನ್ನೊಂದು. ಕಂಪ್ಯೂಟರಿನ ಪಟ್ಟಿಯಲ್ಲಿ ಇರುವುದು ಎರಡು ಸೀಸಿಯಂ ಮತ್ತು ಪೊಟ್ಯಾಸಿಯಂ-40 ಮಾತ್ರವಾದರೆ, ಅದು ಸಂಕೋಚವಿಲ್ಲದೆ ಎಡಗುಡ್ಡವನ್ನು ಸೀಸಿಯಂ-134ರ ಖಾತೆಗೆ ಬರೆಯುತ್ತದೆ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಅದು ಹೇಳುವುದಾದರೂ ಹೇಗೆ? ಗುಡ್ಡದ ನೆತ್ತಿ 605ಕ್ಕಿದೆಯೋ 609ಕ್ಕಿದೆಯೋ ನೋಡಿದರಾಯಿತಲ್ಲ ಎನ್ನಬಹುದು. ಆದರೆ ಕೋಣೆಯ ಉಷ್ಣತೆ ನಾಲ್ಕೈದು ಡಿಗ್ರಿ ಏರುಪೇರಾದರೂ ನೆತ್ತಿ ಅಷ್ಟು ಜರುಗಿಬಿಡಬಹುದು.

ಹಾಗೆಂದು ಸೋಡಿಯಂ ಅಯೋಡೈಡಿನ ಕೈ ಪೂರ್ತಿ ಕಟ್ಟಿಹೋಗಿಲ್ಲ. ಅನುಭವಸ್ಥರು ಒಂದೇ ಗುಡ್ಡವನ್ನು ನಂಬದೆ ಬಂಧುಬಳಗವನ್ನು ವಿಚಾರಿಸುತ್ತಾರೆ. ಸೀಸಿಯಂ-134 ಇದ್ದದ್ದೇ ಆದರೆ 796ರಲ್ಲೂ ಗುಡ್ಡ ಏಳಬೇಕು. ಬಿಸ್ಮತ್ ಆದರೆ ಅದರ ತಾಯಿ ಸೀಸ-214ರ 352, ಅದರದೇ 1120 ಮತ್ತು 1764 ಕಾಣಬೇಕು. ನಮ್ಮ ಡಬ್ಬಿ ಗಟ್ಟಿ ಮಾದರಿಯಾದರೆ ಇದರಿಂದಲೇ ತೀರ್ಮಾನವಾಗುತ್ತದೆ. ಎಣಿಕೆ ತೆಳುವಾಗಿದ್ದಾಗ 796ರಲ್ಲಿ ಕಂಡದ್ದು ಗುಡ್ಡವೋ ಹಿನ್ನೆಲೆಯ ಏರಿಳಿತವೋ ಹೇಳಲಾಗುವುದಿಲ್ಲ.

ಆಗ ಡಬ್ಬಿಯನ್ನು ಜರ್ಮೇನಿಯಂ ಎದುರಿಗಿಟ್ಟು ಕೆಲವು ಗಂಟೆ ಕಾಯಬೇಕು. 609.3ರಲ್ಲಿ ಸೂಜಿ ಎದ್ದಿತು, 604.7ರಲ್ಲಿ ಬರೀ ನೆಲ. 795.9ರಲ್ಲೂ ಅಷ್ಟೆ. 661.7 ಮಾತ್ರ ಸ್ಪಷ್ಟ. ಇದು ಫುಕುಶಿಮಾದ ಮಣ್ಣಾಗಿದ್ದರೆ ಎರಡು ವರ್ಷದ ಸವೆತ ಕಳೆದರೂ 137ರ ಅರ್ಧಕ್ಕಿಂತ ತುಸು ಹೆಚ್ಚೇ 134 ಉಳಿದಿರಬೇಕಿತ್ತು. ಇಲ್ಲ. ಹಾಗಾದರೆ ಈ ಸೀಸಿಯಂ ಹಳೆಯದು, ಪಕ್ಕದ ಗುಡ್ಡ ಮಣ್ಣಿನ ಸಹಜ ಯುರೇನಿಯಂನದು.

ನಮ್ಮ ಉಳ್ಳಾಲದ ಕಡಲ ತೀರದ ಥೋರಿಯಂ ಭರಿತ ಮರಳನ್ನು ಇಟ್ಟರೂ ಇಂಥದೇ ಪೇಚು ಎದುರಾಗುತ್ತದೆ. ಥೋರಿಯಂ ವಂಶದ ಥ್ಯಾಲಿಯಂ-208 ಕೊಡುವುದು 583ರ ಕಿರಣ. ಸೋಡಿಯಂ ಅಯೋಡೈಡಿನಲ್ಲಿ ಅದು ಬಿಸ್ಮತ್ತಿನ 609ರ ಜೊತೆ ಬೆರೆತು, ಎರಡರ ನಡುವೆ ಎಲ್ಲೋ ನೆತ್ತಿ ಎತ್ತುತ್ತದೆ. ಸೀಸಿಯಂ ಹುಡುಕುವ ಕಣ್ಣಿಗೆ ಅಲ್ಲೂ ಸೀಸಿಯಂ ಕಂಡೀತು.

ಜರ್ಮೇನಿಯಂ ಕೂಡ ಸೋಲುವ ಜಾಗವೊಂದಿದೆ. ರೇಡಿಯಂ-226ರ ಕಿರಣ 186.2, ಯುರೇನಿಯಂ-235ರದು 185.7. ಅರ್ಧ ಕೆಇವಿ ಅಂತರದಲ್ಲಿ ಎರಡು ಸೂಜಿಗಳೂ ಒಂದಾಗಿಬಿಡುತ್ತವೆ. ಮಣ್ಣಿನಲ್ಲಿ ಇವೆರಡೂ ಇರುವುದರಿಂದ ಇದನ್ನು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಆಗ ಮಾಡುವುದಿಷ್ಟು: ರೇಡಾನ್ ಸೋರದಂತೆ ಡಬ್ಬಿಯ ಮುಚ್ಚಳವನ್ನು ಭದ್ರಪಡಿಸಿ ಮೂರು ನಾಲ್ಕು ವಾರ ಎತ್ತಿಡುತ್ತಾರೆ. ಅಷ್ಟರಲ್ಲಿ ರೇಡಿಯಂ ಎಷ್ಟಿದೆಯೋ ಅದರ ಮರಿಮಕ್ಕಳೂ ಅಷ್ಟೇ ಚುರುಕಾಗಿರುತ್ತವೆ. ಆಮೇಲೆ 609.3ರ ಅದೇ ಬಿಸ್ಮತ್ ಸೂಜಿಯನ್ನು ಎಣಿಸಿ ರೇಡಿಯಂ ಎಷ್ಟೆಂದು ತಿಳಿದು, 186ರಲ್ಲಿ ಅದರ ಪಾಲನ್ನು ಕಳೆದು, ಉಳಿದದ್ದನ್ನು ಯುರೇನಿಯಂ ಹೆಸರಿಗೆ ಬರೆಯುತ್ತಾರೆ.